ಸೆಕ್ಯೂರಿಟಿ ಅನಲಿಸ್ಟ್ ಅಪ್ರೆಂಟಿಸ್‌ಶಿಪ್‌ಗೆ ಲ್ಯಾಬ್ ಬೋಧಕರ ಶಿಫಾರಸು ಪತ್ರ: ಏನನ್ನು ಬರೆಯಬೇಕು, ಏನನ್ನು ಬಿಡಬೇಕು?

ಲ್ಯಾಬ್ ಬೋಧಕಿ

ನಾನು ಸರ್ಕಾರಿ ಪಾಲಿಟೆಕ್ನಿಕ್ ಒಂದರ ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ಪ್ರಯೋಗಾಲಯದ ಬೋಧಕಿಯಾಗಿದ್ದೇನೆ. ಸೈಬರ್ ಸೆಕ್ಯೂರಿಟಿ ವಿಷಯವನ್ನು ಆಯ್ದುಕೊಂಡಿದ್ದ ನನ್ನ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನ ಸಂಸ್ಥೆಯೊಂದರ ಸೆಕ್ಯೂರಿಟಿ ಆಪರೇಷನ್ಸ್ ಸೆಂಟರಿನಲ್ಲಿ ಒಂದು ವರ್ಷದ ಅಪ್ರೆಂಟಿಸ್‌ಶಿಪ್‌ಗೆ ಅರ್ಜಿ ಹಾಕುತ್ತಿದ್ದಾಳೆ. ಅಭ್ಯರ್ಥಿಯ ಪ್ರಾಯೋಗಿಕ ಕೆಲಸವನ್ನು ಹತ್ತಿರದಿಂದ ಕಂಡವರು ಬರೆದ, ಒಂದು ಪುಟಕ್ಕೆ ಮೀರದ ಪತ್ರವನ್ನು ಅರ್ಜಿಯೊಂದಿಗೆ ಕೇಳಿದ್ದಾರೆ.

ನಮ್ಮ ಕಚೇರಿಯಲ್ಲಿ ಇಂತಹ ಪತ್ರಗಳಿಗೆ ಸಿದ್ಧ ನಮೂನೆಯೊಂದಿದೆ. ಅಭ್ಯರ್ಥಿಯು ಪ್ರಾಮಾಣಿಕ, ಪರಿಶ್ರಮಿ, ಸನ್ನಡತೆಯುಳ್ಳವಳು, ಆಕೆಯ ಮುಂದಿನ ಪ್ರಯತ್ನಗಳಿಗೆ ಶುಭ ಹಾರೈಸುತ್ತೇವೆ ಎಂಬ ನಾಲ್ಕು ಸಾಲುಗಳು ಅದರಲ್ಲಿವೆ. ಹೆಸರು ಮತ್ತು ನೋಂದಣಿ ಸಂಖ್ಯೆಯನ್ನು ಬದಲಿಸಿದರೆ ಅದು ಯಾವ ವಿಭಾಗದ ಯಾರಿಗಾದರೂ ಹೊಂದುತ್ತದೆ. ಈ ಹುಡುಗಿಯ ವಿಷಯದಲ್ಲಿ ನಾನು ನಿರ್ದಿಷ್ಟವಾಗಿ ಹೇಳಬಹುದಾದ ಸಂಗತಿಗಳಿವೆ, ಆದರೆ ಓದುವವರಿಗೆ ಅವುಗಳಲ್ಲಿ ಯಾವುದು ಉಪಯುಕ್ತ ಎಂಬುದು ನನಗೆ ಸ್ಪಷ್ಟವಾಗುತ್ತಿಲ್ಲ. ಇಂತಹ ಪತ್ರಗಳನ್ನು ಓದಿ ಆಯ್ಕೆ ಮಾಡುವವರು ಇಲ್ಲಿದ್ದರೆ ದಯವಿಟ್ಟು ತಿಳಿಸಬೇಕು. ನಾನು ಆಕೆಯನ್ನು ಕಂಡಿರುವುದು ಲ್ಯಾಬಿನಲ್ಲಿ ಮಾತ್ರ. ಥಿಯರಿ ವಿಷಯಗಳ ಅಂಕಗಳ ಬಗ್ಗೆ ನಾನು ಹೇಳುವಂತಹದ್ದೇನೂ ಇಲ್ಲ.

ನಿವೃತ್ತ ವಿಭಾಗ ಮುಖ್ಯಸ್ಥ

ಮೊದಲನೆಯದಾಗಿ, ಪತ್ರವು ಸಂಸ್ಥೆಯ ಲೆಟರ್‌ಹೆಡ್‌ನಲ್ಲಿರಬೇಕು, ಅದಕ್ಕೆ ಹೊರಹೋಗುವ ಪತ್ರದ ಸಂಖ್ಯೆ ಮತ್ತು ದಿನಾಂಕವಿರಬೇಕು, ಪ್ರಾಂಶುಪಾಲರ ಸಹಿ ಹಾಗೂ ಮೊಹರು ಇರಬೇಕು. ಬೋಧಕರ ಸಹಿಯಷ್ಟೇ ಇರುವ ಪತ್ರಕ್ಕೆ ಹೊರಗಿನವರು ಬೆಲೆ ಕೊಡುವುದಿಲ್ಲ. ಎರಡನೆಯದಾಗಿ, ನಮೂನೆಯಲ್ಲಿರುವ ಸಾಲುಗಳನ್ನು ಹಗುರವಾಗಿ ಕಾಣಬೇಡಿ. ಭದ್ರತೆಗೆ ಸಂಬಂಧಿಸಿದ ಕೆಲಸಕ್ಕೆ ನಡತೆಯೇ ಮೊದಲ ಅರ್ಹತೆಯಾಗಿರುತ್ತದೆ.

ಧ್ವಜಬೇಟೆಗಾರ

ನಡತೆಯ ಮಾತು ಸರಿ, ಆದರೆ ತಾಂತ್ರಿಕ ತಂಡದವರು ನೋಡುವುದು ಉಪಕರಣಗಳನ್ನು. ವೈರ್‌ಶಾರ್ಕ್, ಎನ್‌ಮ್ಯಾಪ್, ಬರ್ಪ್ ಸೂಟ್, ಸ್ಪ್ಲಂಕ್, ವಾಜು, ಮೆಟಾಸ್ಪ್ಲಾಯ್ಟ್ ಎಂದು ಆಕೆ ಬಳಸಿದ್ದೆಲ್ಲವನ್ನೂ ಹೆಸರಿಸಿ ಬರೆಯಿರಿ. ಅಡಗಿಸಿಟ್ಟ ಧ್ವಜವನ್ನು ಹುಡುಕುವ ಸಿಟಿಎಫ್ ಎಂಬ ಭದ್ರತಾ ಸ್ಪರ್ಧೆಗಳಲ್ಲಿ ಭಾಗವಹಿಸಿದ್ದರೆ ಸ್ಥಾನವನ್ನೂ ಸೇರಿಸಿ. ನನ್ನನ್ನು ಸಂದರ್ಶನಕ್ಕೆ ಕರೆದದ್ದು ಸ್ಪರ್ಧೆಯ ಶ್ರೇಯಾಂಕವನ್ನು ನೋಡಿಯೇ ಆಗಿತ್ತು.

ರಾತ್ರಿಪಾಳಿ

ನಾನು ಬೆಂಗಳೂರಿನಲ್ಲಿ ಒಂದು ಸೆಕ್ಯೂರಿಟಿ ಆಪರೇಷನ್ಸ್ ಸೆಂಟರಿನ, ಅಂದರೆ ಸಾಕ್ ತಂಡದ ಪಾಳಿ ಮುಖ್ಯಸ್ಥನಾಗಿದ್ದೇನೆ. ಅಪ್ರೆಂಟಿಸ್ ಅರ್ಜಿಗಳನ್ನು ಓದುವ ಕೆಲಸವೂ ನನ್ನ ಪಾಲಿಗೆ ಬರುತ್ತದೆ. ಬೋಧಕರು ಕೇಳಿದ ಪ್ರಶ್ನೆಗೆ ನೇರವಾಗಿ ಉತ್ತರಿಸಲು ಪ್ರಯತ್ನಿಸುತ್ತೇನೆ.

ಉಪಕರಣಗಳ ಪಟ್ಟಿ ಬಯೋಡೇಟಾದಲ್ಲಿ ಈಗಾಗಲೇ ಇರುತ್ತದೆ. ಪತ್ರದಲ್ಲಿ ಅದನ್ನೇ ಮತ್ತೆ ಓದುವುದರಿಂದ ನನಗೆ ಹೊಸದೇನೂ ತಿಳಿಯುವುದಿಲ್ಲ. ಮೊದಲ ಹಂತದ ಅನಲಿಸ್ಟ್ ದಿನವಿಡೀ ಮಾಡುವ ಕೆಲಸವೆಂದರೆ, ಪರದೆಯ ಮೇಲೆ ಬಂದ ಎಚ್ಚರಿಕೆಯನ್ನು ತೆರೆದು, ಅದರ ಹಿಂದಿನ ಲಾಗ್‌ಗಳನ್ನು ನೋಡಿ, ಇದು ನಿಜವೋ ಅಲ್ಲವೋ ಎಂದು ತೀರ್ಮಾನಿಸಿ, ಆ ತೀರ್ಮಾನಕ್ಕೆ ಕಾರಣವನ್ನು ಟಿಕೆಟ್‌ನಲ್ಲಿ ಬರೆದು, ಮುಚ್ಚುವುದು ಇಲ್ಲವೇ ಮೇಲಿನ ಹಂತಕ್ಕೆ ಕಳುಹಿಸುವುದು. ಬರುವ ಎಚ್ಚರಿಕೆಗಳಲ್ಲಿ ಬಹುಪಾಲು ಸುಳ್ಳೇ ಆಗಿರುತ್ತವೆ. ಆದ್ದರಿಂದ ದಾಳಿಯನ್ನು ಹಿಡಿದ ಕತೆಯಷ್ಟೇ, ದಾಳಿಯಲ್ಲದ್ದನ್ನು ದಾಳಿಯಲ್ಲ ಎಂದು ಕಾರಣ ಸಹಿತ ಹೇಳಿದ ಕತೆಯೂ ನನಗೆ ಮುಖ್ಯವಾಗುತ್ತದೆ. ನಿಮ್ಮ ವಿದ್ಯಾರ್ಥಿನಿ ಒಂದು ಲಾಗ್‌ನ ಎದುರು ಕುಳಿತು ತಾನೇ ಯೋಚಿಸಿದ್ದನ್ನು ನೀವು ಕಣ್ಣಾರೆ ಕಂಡ ಒಂದು ಪ್ರಸಂಗವಿದೆಯೇ? ಇದ್ದರೆ ಪತ್ರದ ಅರ್ಧಭಾಗವನ್ನು ಅದಕ್ಕೇ ಕೊಡಿ.

ಸಹಿಯ ವಿಷಯದಲ್ಲಿ ನಿವೃತ್ತ ಮುಖ್ಯಸ್ಥರ ಮಾತು ಅರ್ಧ ಸರಿ. ಲೆಟರ್‌ಹೆಡ್ ಇರಬೇಕು, ಏಕೆಂದರೆ ನಾವು ಪರಿಶೀಲನೆಗೆ ಸಂಸ್ಥೆಯನ್ನು ಸಂಪರ್ಕಿಸುತ್ತೇವೆ. ಆದರೆ ಆಕೆಯನ್ನು ಒಮ್ಮೆಯೂ ಲ್ಯಾಬಿನಲ್ಲಿ ನೋಡಿರದ ಪ್ರಾಂಶುಪಾಲರ ಸಹಿಗಿಂತ, ಕೆಲಸ ನೋಡಿದ ಬೋಧಕರ ಸಹಿ, ಹುದ್ದೆ ಮತ್ತು ಕಾಲೇಜಿನ ಅಧಿಕೃತ ಇಮೇಲ್ ವಿಳಾಸ ನನಗೆ ಹೆಚ್ಚು ಬೇಕು.

ಕರಾವಳಿಯಿಂದ

ನಾನು ಕಳೆದ ವರ್ಷ ಡಿಪ್ಲೊಮಾ ಮುಗಿಸಿ ಸರ್ಕಾರದ ಅಪ್ರೆಂಟಿಸ್ ನೋಂದಣಿಯ ನ್ಯಾಟ್ಸ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡಿದ್ದೇನೆ. ಅಲ್ಲಿ ಶಿಫಾರಸು ಪತ್ರವನ್ನು ಎಲ್ಲಿ ಅಪ್‌ಲೋಡ್ ಮಾಡಬೇಕು ಎಂದು ನನಗೆ ಕಾಣಿಸುತ್ತಿಲ್ಲ. ಪತ್ರವಿಲ್ಲದೆ ನನ್ನ ನೋಂದಣಿ ತಿರಸ್ಕೃತವಾಗುತ್ತದೆಯೇ?

ರಾತ್ರಿಪಾಳಿ

ಇಲ್ಲಿ ನಡೆಯುತ್ತಿರುವ ಚರ್ಚೆ ಅದರ ಬಗ್ಗೆ ಅಲ್ಲ. ಅಪ್ರೆಂಟಿಸ್ ಕಾಯ್ದೆಯಡಿಯ ನೋಂದಣಿಗೆ ನಿಮ್ಮ ಡಿಪ್ಲೊಮಾ ದಾಖಲೆ, ಆಧಾರ್ ಮತ್ತು ಬ್ಯಾಂಕ್ ಖಾತೆಯ ವಿವರ ಬೇಕಾಗುತ್ತದೆ; ಶಿಫಾರಸು ಪತ್ರವನ್ನು ಕೇಳುವುದು ಆಯಾ ಸಂಸ್ಥೆ ತನ್ನದೇ ಆಯ್ಕೆಗಾಗಿ. ಸಂಸ್ಥೆ ಕೇಳಿರದಿದ್ದರೆ ನೀವು ಚಿಂತಿಸಬೇಕಾಗಿಲ್ಲ.

ಲ್ಯಾಬ್ ಬೋಧಕಿ

ರಾತ್ರಿಪಾಳಿಯವರು ಕೇಳಿದಂತಹ ಪ್ರಸಂಗ ಒಂದಿದೆ. ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

ಹೊರಗಿನ ಜಾಲಕ್ಕೆ ಸಂಪರ್ಕವಿಲ್ಲದ ವರ್ಚುವಲ್ ಯಂತ್ರಗಳ ಮೇಲೆ ನಾನು ಒಂದು ಅಭ್ಯಾಸವನ್ನು ಸಿದ್ಧಪಡಿಸಿದ್ದೆ. ಒಂದು ಕಾಲಿ ಲಿನಕ್ಸ್ ಯಂತ್ರದಿಂದ ಉಬುಂಟು ಸರ್ವರ್‌ನ ಎಸ್‌ಎಸ್‌ಎಚ್ ಮೇಲೆ ಪಾಸ್‌ವರ್ಡ್ ಊಹೆಯ ದಾಳಿ ನಡೆಸಿ, ಒಳಹೊಕ್ಕು, ಆ ಸರ್ವರ್‌ನಿಂದ ಪಕ್ಕದ ವಿಂಡೋಸ್ ಯಂತ್ರಕ್ಕೆ ಲಾಗಿನ್ ಆಗಿದ್ದೆ. ಮರುದಿನ ವಿದ್ಯಾರ್ಥಿಗಳಿಗೆ ಎರಡೂ ಯಂತ್ರಗಳ ಲಾಗ್‌ಗಳನ್ನು ಕೊಟ್ಟು, ನಡೆದದ್ದನ್ನು ಸಮಯದ ಕ್ರಮದಲ್ಲಿ ಬರೆಯಲು ಹೇಳಿದೆ. ಉಬುಂಟು ಸರ್ವರ್‌ನ ಲಾಗ್‌ನಲ್ಲಿ ಮುಖ್ಯವಾದ ಸಾಲುಗಳು ಇವು:

```
Feb 18 05:12:41 srv1 sshd[2214]: Failed password for labuser from 192.168.56.20 port 48122 ssh2
Feb 18 05:14:03 srv1 sshd[2290]: Accepted password for labuser from 192.168.56.20 port 48410 ssh2
```

ವಿಂಡೋಸ್ ಯಂತ್ರದ ಈವೆಂಟ್ ವ್ಯೂವರ್‌ನಲ್ಲಿ ಅದೇ ದಿನ 10:46:20ಕ್ಕೆ 4624 ಎಂಬ ಯಶಸ್ವಿ ಲಾಗಿನ್ ದಾಖಲೆಯಿತ್ತು. ಲಾಗಾನ್ ಟೈಪ್ 3, ಅಂದರೆ ಜಾಲದ ಮೂಲಕ; ಬಂದ ವಿಳಾಸ ಸರ್ವರ್‌ನದು.

ಹೆಚ್ಚಿನವರು ಬರೆದದ್ದು ಹೀಗೆ: ದಾಳಿಕೋರನು ಬೆಳಗಿನ ಜಾವ ಐದು ಗಂಟೆಗೆ ಸರ್ವರ್ ಅನ್ನು ವಶಪಡಿಸಿಕೊಂಡು, ಐದೂವರೆ ಗಂಟೆಗಳ ಕಾಲ ಸುಮ್ಮನಿದ್ದು, ಅನಂತರ ವಿಂಡೋಸ್ ಯಂತ್ರಕ್ಕೆ ಹೋದನು. ಕೆಲವರು ಆತ ಏಕೆ ಕಾದನೆಂಬುದಕ್ಕೆ ಸೊಗಸಾದ ಕಾರಣಗಳನ್ನೂ ಕೊಟ್ಟಿದ್ದರು. ಈ ಹುಡುಗಿ ಮಾತ್ರ ಲಾಗ್ ಓದುವುದನ್ನು ನಿಲ್ಲಿಸಿ, "ಮೇಡಂ, ಲ್ಯಾಬ್ ತೆರೆಯುವುದೇ ಒಂಬತ್ತೂವರೆಗೆ ಅಲ್ಲವೇ, ಐದು ಗಂಟೆಗೆ ಈ ಯಂತ್ರಗಳು ಚಾಲೂ ಇರಲು ಹೇಗೆ ಸಾಧ್ಯ?" ಎಂದು ಕೇಳಿದಳು. ನಾನು ಉತ್ತರಿಸಲಿಲ್ಲ. ಆಕೆ ಸರ್ವರ್‌ನಲ್ಲಿ `timedatectl` ಆದೇಶ ಕೊಟ್ಟು ನೋಡಿ, ಅದು ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿದೆ, ವಿಂಡೋಸ್ ಪರದೆ ನಮ್ಮ ಸ್ಥಳೀಯ ಸಮಯವನ್ನು ತೋರಿಸುತ್ತಿದೆ ಎಂದು ಕಂಡುಕೊಂಡಳು. 05:14:03ಕ್ಕೆ ಐದೂವರೆ ಗಂಟೆ ಸೇರಿಸಿದರೆ 10:44:03 ಆಗುತ್ತದೆ. ಅಂದರೆ ಎರಡು ಘಟನೆಗಳ ನಡುವಿನ ಅಂತರ ಎರಡು ನಿಮಿಷ ಹದಿನೇಳು ಸೆಕೆಂಡು ಮಾತ್ರ. ಆಕೆಯ ವರದಿಯ ಕೊನೆಯಲ್ಲಿ, ಸರ್ವರ್ ಸಿಕ್ಕ ಕೂಡಲೇ ದಾಳಿಕೋರ ಮುಂದಿನ ಯಂತ್ರಕ್ಕೆ ಹೋಗಿದ್ದಾನೆ, ಆದ್ದರಿಂದ ಆತನ ಬಳಿ ಆ ಖಾತೆಯ ಪಾಸ್‌ವರ್ಡ್ ಮೊದಲೇ ಇದ್ದಿರಬಹುದು, ಇಲ್ಲವೇ ಎರಡೂ ಕಡೆ ಒಂದೇ ಪಾಸ್‌ವರ್ಡ್ ಇರಬಹುದು ಎಂದಿತ್ತು. ನಿಜವಾಗಿಯೂ ಎರಡೂ ಕಡೆ ಒಂದೇ ಪಾಸ್‌ವರ್ಡ್ ಇಟ್ಟಿದ್ದೆ.

ರಾತ್ರಿಪಾಳಿ

ಪತ್ರಕ್ಕೆ ಬೇಕಾದ ಪ್ರಸಂಗ ಇದೇ. ಉಬುಂಟು ಸರ್ವರ್ ಅನ್ನು ಸ್ಥಾಪಿಸುವಾಗ ಯಾರೂ ಬದಲಿಸದಿದ್ದರೆ ಅದು ಯುಟಿಸಿಯಲ್ಲೇ ಉಳಿಯುತ್ತದೆ. ಆದ್ದರಿಂದ ಈ ತಪ್ಪು ಲ್ಯಾಬಿನಲ್ಲಿ ಮಾತ್ರವಲ್ಲ, ನಿಜವಾದ ಜಾಲಗಳಲ್ಲಿಯೂ ನಿತ್ಯ ಎದುರಾಗುತ್ತದೆ. ವಿಂಡೋಸ್ ಒಳಗೆ ದಾಖಲಿಸುವುದೂ ಯುಟಿಸಿಯಲ್ಲಿಯೇ, ಪರದೆಗೆ ತರುವಾಗ ಮಾತ್ರ ಸ್ಥಳೀಯ ಸಮಯಕ್ಕೆ ಬದಲಿಸುತ್ತದೆ. ಹೊಸಬರು ಎರಡು ಲಾಗ್‌ಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು ಕಾಲಾನುಕ್ರಮ ಬರೆಯುವಾಗ ಸರಿಯಾಗಿ ಐದೂವರೆ ಗಂಟೆಯ ಅಂತರ ಕಂಡುಬಂದರೆ ನಾವು ಮೊದಲು ಅನುಮಾನಿಸುವುದು ದಾಳಿಕೋರನನ್ನಲ್ಲ, ಗಡಿಯಾರವನ್ನು.

ನನಗೆ ಹಿಡಿಸಿದ್ದು ಆಕೆ ಯುಟಿಸಿಯನ್ನು ಅರಿತದ್ದಲ್ಲ. ಅದನ್ನು ಹೇಳಿಕೊಟ್ಟರೆ ಯಾರಾದರೂ ಕಲಿಯುತ್ತಾರೆ. ಲಾಗ್ ಹೇಳುವುದು ಹೊರಗಿನ ಸಂಗತಿಯೊಂದಿಗೆ ಹೊಂದುತ್ತಿಲ್ಲ ಎಂದು ಗಮನಿಸಿ, ಊಹೆಯನ್ನು ಹೆಣೆಯುವ ಬದಲು ಹೋಗಿ ಪರಿಶೀಲಿಸಿದಳಲ್ಲ, ಅದು. ಪತ್ರದಲ್ಲಿ ಲ್ಯಾಬ್ ತೆರೆಯುವ ವೇಳೆಯ ಪ್ರಶ್ನೆಯನ್ನು ಖಂಡಿತವಾಗಿ ಉಳಿಸಿಕೊಳ್ಳಿ.

ಇನ್ನೆರಡು ಪ್ರಶ್ನೆಗಳು. ಆ ತರಗತಿಯಲ್ಲಿ ಎಷ್ಟು ಜನರಿದ್ದರು, ಎಷ್ಟು ಮಂದಿ ಇದನ್ನು ಕಂಡುಹಿಡಿದರು? ಮತ್ತು, ದಾಳಿಯಲ್ಲದ ಪ್ರಸಂಗ ಯಾವುದಾದರೂ ಇದೆಯೇ?

ಧ್ವಜಬೇಟೆಗಾರ

ಇದು ಒಳ್ಳೆಯ ಪ್ರಸಂಗ, ನನ್ನ ಮಾತನ್ನು ಸ್ವಲ್ಪ ಸಡಿಲಿಸುತ್ತೇನೆ. ಇದಕ್ಕೆ ಕಾನೂನಿನ ಮಹತ್ವವನ್ನೂ ಸೇರಿಸಬಹುದು. 2022ರ ಏಪ್ರಿಲ್‌ನ ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಸರ್ಟ್-ಇನ್‌ನ ನಿರ್ದೇಶನದ ಪ್ರಕಾರ ಘಟನೆಯನ್ನು 6 ಗಂಟೆಗಳೊಳಗೆ ವರದಿ ಮಾಡಬೇಕು. ಸಮಯವನ್ನು ಐದೂವರೆ ಗಂಟೆ ತಪ್ಪಾಗಿ ಓದಿದರೆ ಉಳಿಯುವುದು ಅರ್ಧ ಗಂಟೆ ಮಾತ್ರ. ಪತ್ರದಲ್ಲಿ ಇದನ್ನು ಬರೆದರೆ ತೂಕ ಹೆಚ್ಚುತ್ತದೆ.

ರಾತ್ರಿಪಾಳಿ

ಆ ಲೆಕ್ಕ ಸರಿಯಲ್ಲ. 6 ಗಂಟೆಗಳು ಎಣಿಕೆಯಾಗುವುದು ಘಟನೆ ನಡೆದ ಕ್ಷಣದಿಂದಲ್ಲ, ಅದು ಸಂಸ್ಥೆಯ ಗಮನಕ್ಕೆ ಬಂದ ಹೊತ್ತಿನಿಂದ. ಅದೇ ನಿರ್ದೇಶನದಲ್ಲಿ ಎನ್‌ಐಸಿ ಅಥವಾ ಎನ್‌ಪಿಎಲ್‌ನ ಸಮಯ ಸರ್ವರ್‌ಗಳೊಂದಿಗೆ ಗಡಿಯಾರಗಳನ್ನು ಹೊಂದಿಸಬೇಕು ಎಂಬ ಮಾತೂ ಇದೆ, ಅದು ಇಲ್ಲಿಗೆ ಹೆಚ್ಚು ಹತ್ತಿರದ್ದು. ಆದರೂ ಗಡಿಯಾರಗಳು ಸೆಕೆಂಡಿನ ಮಟ್ಟಿಗೆ ಹೊಂದಿಕೊಂಡಿದ್ದರೂ ಒಂದು ಯಂತ್ರ ಯುಟಿಸಿಯಲ್ಲಿ, ಇನ್ನೊಂದು ಐಎಸ್‌ಟಿಯಲ್ಲಿ ತೋರಿಸುತ್ತಿದ್ದರೆ ಈ ಗೊಂದಲ ಉಳಿದೇ ಉಳಿಯುತ್ತದೆ. ಏನೇ ಆದರೂ, ಬೋಧಕರು ತಾವು ಕಂಡದ್ದನ್ನು ಬರೆಯಲಿ; ಕಾನೂನಿನ ಮಹತ್ವವನ್ನು ಓದುವವರು ತಾವೇ ಅರಿಯುತ್ತಾರೆ.

ಲ್ಯಾಬ್ ಬೋಧಕಿ

ಬ್ಯಾಚಿನಲ್ಲಿ ಮೂವತ್ತು ಜನರಿದ್ದರು. ಸಮಯದ ವ್ಯತ್ಯಾಸವನ್ನು ಗುರುತಿಸಿದವರು ಇಬ್ಬರು. ಯಾರ ಸುಳಿವೂ ಇಲ್ಲದೆ ಮೊದಲು ಕಂಡವಳು ಇವಳು.

ದಾಳಿಯಲ್ಲದ ಪ್ರಸಂಗವೂ ಇದೆ. ಒಂದು ವಿಂಡೋಸ್ ಯಂತ್ರದಲ್ಲಿ ಒಂದೇ ಖಾತೆಯ ಮೇಲೆ 4625 ಎಂಬ ವಿಫಲ ಲಾಗಿನ್ ದಾಖಲೆಗಳು ಸಾಲಾಗಿ ಬಂದು, ವಾಜು ಪರದೆಯಲ್ಲಿ ಪಾಸ್‌ವರ್ಡ್ ಊಹೆಯ ದಾಳಿ ಎಂದು ಎಚ್ಚರಿಕೆ ಕಾಣಿಸಿತು. ಇದು ನಾನು ಯೋಜಿಸಿದ ಅಭ್ಯಾಸವಾಗಿರಲಿಲ್ಲ. ಆಕೆ ಅದನ್ನು ಸುಳ್ಳು ಎಚ್ಚರಿಕೆ ಎಂದು ಮುಚ್ಚಿದಳು. ದಾಖಲೆಗಳು ಸರಿಯಾಗಿ ಹದಿನೈದು ನಿಮಿಷಕ್ಕೊಮ್ಮೆ ಬರುತ್ತಿವೆ ಎಂಬುದು ಆಕೆ ಕೊಟ್ಟ ಮೊದಲ ಕಾರಣ.

ರಾತ್ರಿಪಾಳಿ

ಕ್ರಮಬದ್ಧತೆಯೊಂದೇ ಸಾಕಾಗುವುದಿಲ್ಲ. ಖಾತೆ ಲಾಕ್ ಆಗದಂತೆ ನಿಧಾನವಾಗಿ ಪಾಸ್‌ವರ್ಡ್ ಊಹಿಸುವ ಉಪಕರಣವೂ ಗಡಿಯಾರದಂತೆಯೇ ನಡೆಯುತ್ತದೆ. ಆಕೆ ಬೇರೆ ಏನನ್ನಾದರೂ ನೋಡಿದಳೇ? ಲಾಗಾನ್ ಟೈಪ್ ಏನಿತ್ತು?

ಲ್ಯಾಬ್ ಬೋಧಕಿ

ಟಿಕೆಟ್ ಅನ್ನು ತೆರೆದು ನೋಡಿ ಬರೆಯುತ್ತಿದ್ದೇನೆ. ಲಾಗಾನ್ ಟೈಪ್ 4 ಇತ್ತು, ಸಬ್ ಸ್ಟೇಟಸ್ `0xC000006A` ಇತ್ತು. ಅಂದರೆ ಖಾತೆಯ ಹೆಸರು ಸರಿ, ಪಾಸ್‌ವರ್ಡ್ ಮಾತ್ರ ತಪ್ಪು. ಪ್ರಯತ್ನ ಬಂದದ್ದು ಜಾಲದಿಂದಲ್ಲ, ಅದೇ ಯಂತ್ರದ ನಿಗದಿತ ಕಾರ್ಯವೊಂದರಿಂದ. ಆಕೆ ಟಾಸ್ಕ್ ಶೆಡ್ಯೂಲರ್ ತೆರೆದು, ಬ್ಯಾಕಪ್‌ಗಾಗಿ ಇಟ್ಟಿದ್ದ ಕಾರ್ಯದ ಹೆಸರನ್ನೂ ಅದರ ಹದಿನೈದು ನಿಮಿಷದ ಅವಧಿಯನ್ನೂ ಟಿಕೆಟ್‌ನಲ್ಲಿ ನಮೂದಿಸಿದ್ದಾಳೆ. ಆ ಖಾತೆಯ ಪಾಸ್‌ವರ್ಡ್ ಹಿಂದಿನ ವಾರ ಬದಲಾಗಿತ್ತು, ಕಾರ್ಯದಲ್ಲಿ ಹಳೆಯದೇ ಉಳಿದಿತ್ತು.

ರಾತ್ರಿಪಾಳಿ

ಹಾಗಾದರೆ ತೀರ್ಮಾನ ಗಟ್ಟಿಯಾಗಿದೆ. ಪತ್ರದಲ್ಲಿ ಹದಿನೈದು ನಿಮಿಷದ ಮಾತನ್ನು ಮಾತ್ರ ಬರೆದು ನಿಲ್ಲಿಸಬೇಡಿ. ಹಾಗೆ ಮಾಡಿದರೆ ನನ್ನಂತಹವರು ಆಕೆ ಅವಸರದಲ್ಲಿ ಮುಚ್ಚಿದಳೆಂದು ತಿಳಿಯುತ್ತೇವೆ. ಲಾಗಾನ್ ಟೈಪ್ ನೋಡಿ, ಅನಂತರ ಕಾರ್ಯವನ್ನೇ ಪತ್ತೆಹಚ್ಚಿದಳು ಎಂಬ ಒಂದೇ ವಾಕ್ಯ ಸಾಕು.

ಐದನೇ ಸೆಮಿಸ್ಟರ್

ಹಿರಿಯರ ಮಧ್ಯೆ ಮಾತನಾಡುತ್ತಿರುವುದಕ್ಕೆ ಕ್ಷಮಿಸಿ. ನಮ್ಮ ಕಾಲೇಜಿನಲ್ಲಿ ಸರ್ ಅವರು, "ನೀನೇ ಬರೆದುಕೊಂಡು ಬಾ, ಸಹಿ ಹಾಕುತ್ತೇನೆ" ಎಂದಿದ್ದಾರೆ. ಈ ಚರ್ಚೆಯನ್ನು ಓದಿದ ಮೇಲೆ ನನ್ನ ಪತ್ರದಲ್ಲಿಯೂ ಇಂತಹದ್ದೇ ಪ್ರಸಂಗವೊಂದನ್ನು ಬರೆಯೋಣ ಎಂದುಕೊಂಡಿದ್ದೇನೆ. ಆದರೆ ನಮ್ಮ ಲ್ಯಾಬಿನಲ್ಲಿ ಲಾಗ್‌ಗಳ ಅಭ್ಯಾಸ ನಡೆದಿಲ್ಲ. ನಾವು ಮಾಡಿರುವುದು ವೈರ್‌ಶಾರ್ಕ್‌ನಲ್ಲಿ ಪ್ಯಾಕೆಟ್ ಹಿಡಿಯುವುದು ಮತ್ತು ಎನ್‌ಮ್ಯಾಪ್ ಓಡಿಸುವುದು ಮಾತ್ರ. ಈ ಉದಾಹರಣೆಯನ್ನೇ ಸ್ವಲ್ಪ ಬದಲಿಸಿ ಬಳಸಬಹುದೇ?

ರಾತ್ರಿಪಾಳಿ

ಬೇಡ. ಸಂದರ್ಶನದಲ್ಲಿ ನಾನು ಮೊದಲು ಕೇಳುವ ಪ್ರಶ್ನೆ ಪತ್ರದಲ್ಲಿರುವ ಪ್ರಸಂಗದ್ದೇ ಆಗಿರುತ್ತದೆ. ಆ ಸರ್ವರ್ ಯುಟಿಸಿಯಲ್ಲಿದೆ ಎಂದು ಯಾವ ಸಾಲನ್ನು ನೋಡಿ ತಿಳಿಯಿತು, ವಿಂಡೋಸ್ ಕಡೆ ಹೇಗೆ ಖಚಿತಪಡಿಸಿಕೊಂಡೆ ಎಂದು ಎರಡು ಪ್ರಶ್ನೆ ಕೇಳಿದರೆ ಎರವಲು ಕತೆ ನಿಲ್ಲುವುದಿಲ್ಲ.

ವೈರ್‌ಶಾರ್ಕ್ ಸಾಕಷ್ಟು ಒಳ್ಳೆಯ ವಸ್ತು. ನೀನೇ ಎನ್‌ಮ್ಯಾಪ್ ಓಡಿಸಿ, ಅದೇ ಹೊತ್ತಿನ ಪ್ಯಾಕೆಟ್‌ಗಳನ್ನು ಹಿಡಿದು, ತೆರೆದ ಪೋರ್ಟ್ ಮತ್ತು ಮುಚ್ಚಿದ ಪೋರ್ಟ್ ಹೇಗೆ ಬೇರೆಬೇರೆಯಾಗಿ ಉತ್ತರಿಸುತ್ತವೆ ಎಂಬುದನ್ನು ನಿನ್ನ ಸರ್ ಮುಂದೆ ತೋರಿಸು. ಸಿನ್ ಪ್ಯಾಕೆಟ್‌ಗೆ ಒಂದು ಕಡೆ ಸಿನ್-ಆಕ್ ಬರುತ್ತದೆ, ಇನ್ನೊಂದು ಕಡೆ ರೀಸೆಟ್ ಬರುತ್ತದೆ, ಫೈರ್‌ವಾಲ್ ತಡೆದರೆ ಹಲವು ಸಲ ಏನೂ ಬರುವುದಿಲ್ಲ. ಅದನ್ನು ಅವರು ಕಂಡ ಮೇಲೆ, ತಾವು ಕಂಡದ್ದನ್ನು ತಾವೇ ಮೂರು ಸಾಲು ಬರೆದುಕೊಡುವಂತೆ ಕೇಳು. ಕೆಲಸದ ಒತ್ತಡದಲ್ಲಿರುವ ಶಿಕ್ಷಕರು ಪೂರ್ತಿ ಪತ್ರಕ್ಕೆ ಒಲ್ಲೆ ಎಂದರೂ ಮೂರು ಸಾಲಿಗೆ ಒಪ್ಪಬಹುದು.

ಲ್ಯಾಬ್ ಬೋಧಕಿ

ಎರಡು ವಿಷಯಗಳಲ್ಲಿ ನನಗೆ ಇನ್ನೂ ಸಂದೇಹವಿದೆ.

ಮೊದಲನೆಯದು ಆಕೆಯ ಕೊರತೆ. ಆರಂಭದಲ್ಲಿ ಆಕೆಯ ಟಿಕೆಟ್ ಟಿಪ್ಪಣಿಗಳು ಬಹಳ ಉದ್ದವಾಗಿರುತ್ತಿದ್ದವು, ತೀರ್ಮಾನವು ಕೊನೆಯ ಸಾಲಿನಲ್ಲಿ ಅಡಗಿರುತ್ತಿತ್ತು. ತೀರ್ಮಾನವನ್ನು ಮೊದಲ ಸಾಲಿಗೆ ತರಬೇಕೆಂದು ಹೇಳಿದ ಮೇಲೆ ಸುಧಾರಿಸಿದೆ, ಆದರೂ ಅವಸರವಿದ್ದಾಗ ಹಳೆಯ ಅಭ್ಯಾಸ ಮರಳುತ್ತದೆ. ಇದನ್ನು ಬರೆಯಬೇಕೆ?

ಎರಡನೆಯದು ಒಂದು ಘಟನೆ. ಕಾಲೇಜಿನ ಸಿಸಿಟಿವಿ ಡಿವಿಆರ್ ಯಂತ್ರಕ್ಕೆ ತಯಾರಕರು ಕೊಟ್ಟ ಮೂಲ ಪಾಸ್‌ವರ್ಡ್ ಅನ್ನೇ ಉಳಿಸಿಕೊಂಡಿದ್ದಾರೆ ಎಂದು ಆಕೆ ನನಗೆ ತಿಳಿಸಿದಳು. ಬೇರೆ ಯಾರಿಗೂ ಹೇಳಲಿಲ್ಲ. ನಾನು ಕಚೇರಿಗೆ ತಿಳಿಸಿದ ಮೇಲೆ ಅದನ್ನು ಬದಲಿಸಲಾಯಿತು. ಆಕೆಯ ಜವಾಬ್ದಾರಿಯುತ ನಡವಳಿಕೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ ಎಂದು ನನಗೆ ಅನ್ನಿಸುತ್ತದೆ.

ನಿವೃತ್ತ ವಿಭಾಗ ಮುಖ್ಯಸ್ಥ

ಕೊರತೆಯನ್ನು ಖಂಡಿತ ಬರೆಯಬೇಡಿ. ಶಿಫಾರಸು ಎಂಬುದರ ಅರ್ಥವೇ ಗುಣಗಳನ್ನು ಎತ್ತಿ ಹೇಳುವುದು. ಉಳಿದ ಅಭ್ಯರ್ಥಿಗಳ ಪತ್ರಗಳಲ್ಲಿ ಯಾವ ಕೊರತೆಯೂ ಇರುವುದಿಲ್ಲ. ನಿಮ್ಮ ಪ್ರಾಮಾಣಿಕತೆಗೆ ಬೆಲೆ ತೆರುವವಳು ಆ ಹುಡುಗಿ. ಡಿವಿಆರ್ ಘಟನೆಯನ್ನು ಮಾತ್ರ ಅಗತ್ಯವಾಗಿ ಬರೆಯಿರಿ. ನಾನು ಹೇಳುತ್ತಿದ್ದ ನಡತೆ ಇದೇ.

ಕಾನೂನು ಓದುಗ

ಒಂದು ಪ್ರಶ್ನೆ. ಡಿವಿಆರ್‌ನಲ್ಲಿ ಮೂಲ ಪಾಸ್‌ವರ್ಡ್ ಇದೆ ಎಂದು ಆಕೆಗೆ ತಿಳಿದದ್ದು ಹೇಗೆ? ಪ್ರಯತ್ನಿಸಿ ನೋಡದೆ ತಿಳಿಯುವುದು ಕಷ್ಟ. ಅನುಮತಿಯಿಲ್ಲದೆ ಬೇರೊಬ್ಬರ ಕಂಪ್ಯೂಟರ್ ವ್ಯವಸ್ಥೆಯನ್ನು ಪ್ರವೇಶಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿನ ವ್ಯಾಪ್ತಿಗೆ ಬರುತ್ತದೆ. ಅಪ್ರಾಮಾಣಿಕ ಅಥವಾ ವಂಚನೆಯ ಉದ್ದೇಶವಿದ್ದರೆ ಮಾತ್ರ 66ನೇ ಕಲಮಿನಡಿ ಅಪರಾಧವಾಗುತ್ತದೆ, ಇಲ್ಲಿ ಅಂತಹ ಉದ್ದೇಶ ಕಾಣುವುದಿಲ್ಲ ಎಂಬುದು ನಿಜ. ಆದರೂ ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ, ನಿಮ್ಮ ಸಹಿಯೊಂದಿಗೆ, ವಿದ್ಯಾರ್ಥಿನಿ ಅನುಮತಿಯಿಲ್ಲದೆ ಲಾಗಿನ್ ಆದಳು ಎಂಬ ಅರ್ಥ ಬರುವ ವಾಕ್ಯವನ್ನು ನೀವೇ ದಾಖಲಿಸುವುದು ಜಾಣತನವಲ್ಲ.

ಲ್ಯಾಬ್ ಬೋಧಕಿ

ಆಕೆಯನ್ನು ಕೇಳಿದೆ. ಡಿವಿಆರ್ ಪೆಟ್ಟಿಗೆಯ ಮೇಲೆಯೇ ಹೆಸರು ಮತ್ತು ಪಾಸ್‌ವರ್ಡ್‌ನ ಚೀಟಿ ಅಂಟಿಸಿತ್ತು, ಅಳವಡಿಸಲು ಬಂದವರು ಅದನ್ನು ನೋಡಿಕೊಂಡು ಲಾಗಿನ್ ಆಗುವುದನ್ನು ಕಾರಿಡಾರಿನಲ್ಲಿ ನಿಂತು ನೋಡಿದೆ ಎಂದಳು. ತಾನು ಮುಟ್ಟಿಲ್ಲ ಎಂದಳು. ನಾನು ನಂಬುತ್ತೇನೆ.

ಕಾನೂನು ಓದುಗ

ನೀವು ನಂಬುವುದು ಸಹಜ. ಪತ್ರವನ್ನು ಓದುವವರಿಗೆ ಆ ಕಾರಿಡಾರ್ ಕಾಣುವುದಿಲ್ಲ, ಅವರ ಮನಸ್ಸಿನಲ್ಲಿ ನನ್ನ ಪ್ರಶ್ನೆಯೇ ಏಳುತ್ತದೆ. ಇದಲ್ಲದೆ, ನಿಮ್ಮ ಸಂಸ್ಥೆಯ ಭದ್ರತಾ ಲೋಪವನ್ನು ಹೊರಗಿನವರಿಗೆ ಲಿಖಿತವಾಗಿ ತಿಳಿಸಲು ನಿಮಗೆ ಪ್ರಾಂಶುಪಾಲರ ಒಪ್ಪಿಗೆ ಇದೆಯೇ? ಬಿಟ್ಟುಬಿಡುವುದು ಕ್ಷೇಮ ಎಂಬುದು ನನ್ನ ಅಭಿಪ್ರಾಯ.

ರಾತ್ರಿಪಾಳಿ

ಇಲ್ಲಿ ನಾನು ಪೂರ್ತಿ ಒಪ್ಪುವುದಿಲ್ಲ. ಯಂತ್ರ ಯಾವುದು, ಎಲ್ಲಿದೆ ಎಂಬುದನ್ನು ಬಿಟ್ಟು, "ಕ್ಯಾಂಪಸ್ಸಿನಲ್ಲಿ ಕಂಡ ದೌರ್ಬಲ್ಯವೊಂದನ್ನು ತಾನು ಪರೀಕ್ಷಿಸಲು ಹೋಗದೆ ನನಗೆ ತಿಳಿಸಿದಳು, ಅದನ್ನು ಸರಿಪಡಿಸಲಾಗಿದೆ" ಎಂದು ಬರೆದರೆ ಯಾರ ಗುಟ್ಟೂ ಹೊರಬೀಳುವುದಿಲ್ಲ. ನಮಗೆ ಬರುವ ಹುಡುಗರಲ್ಲಿ ಎಲ್ಲ ಬಾಗಿಲನ್ನೂ ತಟ್ಟಿ ನೋಡುವವರು ಬಹಳ. ಕಂಡೊಡನೆ ನಿಂತು, ಹೇಳಬೇಕಾದವರಿಗೆ ಹೇಳುವವರು ಕಡಿಮೆ. ನನ್ನ ಪಾಲಿಗೆ ಆ ವಾಕ್ಯಕ್ಕೆ ಬೆಲೆಯಿದೆ.

ಕೊರತೆಯ ವಿಷಯದಲ್ಲಿ ಮುಖ್ಯಸ್ಥರ ಆತಂಕ ನನಗೆ ಅರ್ಥವಾಗುತ್ತದೆ. ಪತ್ರಗಳನ್ನು ಮಾನವ ಸಂಪನ್ಮೂಲ ವಿಭಾಗದವರೇ ಸೋಸುವ ಸಂಸ್ಥೆಯಾದರೆ ಅವರ ಮಾತು ನಿಜವಾಗಲೂಬಹುದು. ಆದರೆ ತಂಡದವರೇ ಓದುವಲ್ಲಿ, ಟಿಪ್ಪಣಿ ಉದ್ದವಾಗುತ್ತದೆ ಎಂಬುದು ನಾವು ತಿದ್ದಬಹುದಾದ ಕೊರತೆ. ಪಾಳಿ ಬದಲಾಗುವಾಗ ಬೆಳಗಿನವರು ಮೊದಲ ಸಾಲನ್ನಷ್ಟೇ ಓದುತ್ತಾರೆ ಎಂಬುದು ಒಂದು ತಿಂಗಳಲ್ಲಿ ತಾನಾಗಿ ಅರಿವಾಗುತ್ತದೆ. ನೋಡದೆಯೇ ಟಿಕೆಟ್ ಮುಚ್ಚುತ್ತಾಳೆ ಎಂಬ ಕೊರತೆಯಾಗಿದ್ದರೆ ಬೇರೆ ಮಾತು.

ಲ್ಯಾಬ್ ಬೋಧಕಿ

ಎಲ್ಲರ ಸಲಹೆಗಳನ್ನು ಗಮನಿಸಿ ಕರಡನ್ನು ಸಿದ್ಧಪಡಿಸಿದ್ದೇನೆ. ಕಳುಹಿಸುವ ಪತ್ರ ಇಂಗ್ಲಿಷಿನಲ್ಲಿರುತ್ತದೆ. ಚರ್ಚೆಗೆ ಅನುಕೂಲವಾಗಲೆಂದು ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ. ಹೆಸರುಗಳನ್ನು ತೆಗೆದಿದ್ದೇನೆ.

> ಆಯ್ಕೆ ಸಮಿತಿಯವರಿಗೆ,
>
> ಈ ಅಭ್ಯರ್ಥಿಯನ್ನು ನಾನು ನಮ್ಮ ಪಾಲಿಟೆಕ್ನಿಕ್‌ನ ಸೈಬರ್ ಸೆಕ್ಯೂರಿಟಿ ಪ್ರಯೋಗಾಲಯದಲ್ಲಿ ಒಂದು ಸೆಮಿಸ್ಟರ್ ಕಾಲ ಬೋಧಕಿಯಾಗಿ ಕಂಡಿದ್ದೇನೆ. ನಾನು ಹೇಳುವುದು ಆ ಪ್ರಯೋಗಾಲಯದ ಕೆಲಸಕ್ಕೆ ಮಾತ್ರ ಸೀಮಿತವಾಗಿದೆ.
>
> ಒಂದು ಅಭ್ಯಾಸದಲ್ಲಿ ವಿದ್ಯಾರ್ಥಿಗಳು ಲಿನಕ್ಸ್ ಸರ್ವರ್ ಮತ್ತು ವಿಂಡೋಸ್ ಯಂತ್ರದ ಲಾಗ್‌ಗಳಿಂದ ದಾಳಿಯೊಂದರ ಕಾಲಾನುಕ್ರಮವನ್ನು ಬರೆಯಬೇಕಿತ್ತು. ಹೆಚ್ಚಿನವರು ದಾಳಿಕೋರನು ಎರಡು ಹಂತಗಳ ನಡುವೆ ಐದೂವರೆ ಗಂಟೆ ಕಾದನೆಂದು ಬರೆದರು. ಈಕೆ, ಲಾಗ್ ತೋರಿಸುವ ಹೊತ್ತಿನಲ್ಲಿ ಪ್ರಯೋಗಾಲಯ ತೆರೆದೇ ಇರುವುದಿಲ್ಲ ಎಂಬುದನ್ನು ಗಮನಿಸಿ, ಎರಡೂ ಯಂತ್ರಗಳ ಸಮಯ ವಲಯವನ್ನು ಪರಿಶೀಲಿಸಿ, ನಿಜವಾದ ಅಂತರ ಎರಡು ನಿಮಿಷಕ್ಕೆ ಸ್ವಲ್ಪ ಮೇಲೆ ಎಂದು ತೋರಿಸಿದಳು. ಅದರಿಂದ ಎರಡೂ ಕಡೆ ಒಂದೇ ಪಾಸ್‌ವರ್ಡ್ ಬಳಕೆಯಾಗಿರಬಹುದೆಂಬ ಸರಿಯಾದ ಊಹೆಗೆ ಬಂದಳು. ಮೂವತ್ತು ಜನರ ಬ್ಯಾಚಿನಲ್ಲಿ ಇದನ್ನು ಗುರುತಿಸಿದ ಇಬ್ಬರಲ್ಲಿ ಈಕೆ ಮೊದಲಿಗಳು.
>
> ಇನ್ನೊಮ್ಮೆ, ಪಾಸ್‌ವರ್ಡ್ ಊಹೆಯ ದಾಳಿಯೆಂದು ಬಂದ ಎಚ್ಚರಿಕೆಯನ್ನು ಈಕೆ ಲಾಗಾನ್ ಟೈಪ್ ನೋಡಿ, ಹಳೆಯ ಪಾಸ್‌ವರ್ಡ್ ಉಳಿದಿದ್ದ ನಿಗದಿತ ಕಾರ್ಯವನ್ನೇ ಪತ್ತೆಹಚ್ಚಿ, ಸುಳ್ಳು ಎಚ್ಚರಿಕೆಯೆಂದು ಕಾರಣ ಸಹಿತ ಮುಚ್ಚಿದಳು.
>
> ಈಕೆಯ ಟಿಪ್ಪಣಿಗಳು ಮೊದಲು ದೀರ್ಘವಾಗಿರುತ್ತಿದ್ದವು. ತೀರ್ಮಾನವನ್ನು ಮೊದಲ ಸಾಲಿನಲ್ಲಿ ಬರೆಯುವುದನ್ನು ಈಗ ರೂಢಿಸಿಕೊಳ್ಳುತ್ತಿದ್ದಾಳೆ. ಅವಸರದಲ್ಲಿ ಇನ್ನೂ ಮರೆಯುವುದುಂಟು. ಎಲ್ಲ ಅಭ್ಯಾಸಗಳನ್ನೂ ಪ್ರತ್ಯೇಕ ಜಾಲದೊಳಗೆ, ಕೊಟ್ಟ ಅನುಮತಿಯ ಮಿತಿಯಲ್ಲಿಯೇ ಮಾಡಿದ್ದಾಳೆ.
>
> ಈಕೆಯನ್ನು ಲಾಗ್ ಪರಿಶೀಲನೆಯ ಕೆಲಸಕ್ಕೆ ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ದೊಡ್ಡ ಜಾಲದ ಮೇಲೆ ಅಥವಾ ರಾತ್ರಿ ಪಾಳಿಯಲ್ಲಿ ಈಕೆಯ ಕೆಲಸವನ್ನು ನಾನು ಕಂಡಿಲ್ಲ.

ಡಿವಿಆರ್ ಪ್ರಸಂಗವನ್ನು ಸದ್ಯಕ್ಕೆ ಸೇರಿಸಿಲ್ಲ. ಪ್ರಾಂಶುಪಾಲರನ್ನು ಕೇಳಿ ತೀರ್ಮಾನಿಸುತ್ತೇನೆ.

ನಿವೃತ್ತ ವಿಭಾಗ ಮುಖ್ಯಸ್ಥ

ಕೊನೆಯ ವಾಕ್ಯವನ್ನು ತೆಗೆಯಿರಿ. ಕಂಡಿಲ್ಲ ಎಂದು ನೀವೇ ಏಕೆ ಹೇಳಬೇಕು? ಕೊರತೆಯ ಸಾಲಿನ ಬಗ್ಗೆಯೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಉಳಿದದ್ದು ನಮ್ಮ ನಮೂನೆಗಿಂತ ಚೆನ್ನಾಗಿದೆ ಎಂದು ಒಪ್ಪುತ್ತೇನೆ.

ರಾತ್ರಿಪಾಳಿ

ನಾನಾಗಿದ್ದರೆ ಆ ವಾಕ್ಯವನ್ನು ಉಳಿಸುತ್ತಿದ್ದೆ. ಬೋಧಕರು ತಮಗೆ ತಿಳಿಯದ್ದನ್ನು ಬಿಟ್ಟು ಬರೆದಿದ್ದಾರೆ ಎಂದು ಕಂಡರೆ ಮೇಲಿನ ಎರಡು ಪ್ರಸಂಗಗಳನ್ನು ನಂಬುವುದು ಸುಲಭವಾಗುತ್ತದೆ. ಆದರೆ ಅದನ್ನು ಶಿಫಾರಸಿನ ಸಾಲಿನ ನಂತರ ಇಡಬೇಡಿ. ಮೊದಲ ಪ್ಯಾರಾದಲ್ಲಿ "ಪ್ರಯೋಗಾಲಯದ ಕೆಲಸಕ್ಕೆ ಮಾತ್ರ ಸೀಮಿತ" ಎಂದಿರುವಲ್ಲಿಗೆ ಸೇರಿಸಿ, ಪತ್ರವನ್ನು ಶಿಫಾರಸಿನಿಂದಲೇ ಮುಗಿಸಿ.

ಕಳುಹಿಸುವ ಮುನ್ನ ಆಕೆಗೆ ಪತ್ರವನ್ನು ಓದಲು ಕೊಡಿ, ಸಂಸ್ಥೆ ಮುಚ್ಚಿದ ಲಕೋಟೆಯಲ್ಲಿ ಕೇಳಿಲ್ಲದಿದ್ದರೆ. ಸಂದರ್ಶನದಲ್ಲಿ ಆ ಟಿಕೆಟ್‌ನ ವಿವರಗಳನ್ನು ಕೇಳಿದಾಗ ತಾನು ಮಾಡಿದ್ದನ್ನೇ ಆಕೆ ಮರೆತಿರಬಾರದು.

ಧ್ವಜಬೇಟೆಗಾರ

ಆ ಎರಡು ಯಂತ್ರಗಳ ಲಾಗ್‌ಗಳನ್ನು ಇಲ್ಲಿ ಹಂಚಿಕೊಳ್ಳಲು ಸಾಧ್ಯವೇ? ನಾನೂ ಐದೂವರೆ ಗಂಟೆ ಕಾದ ದಾಳಿಕೋರನ ಕತೆಯನ್ನೇ ಬರೆಯುತ್ತಿದ್ದೆನೇನೋ ಎಂಬ ಅನುಮಾನ ಬಂದಿದೆ.

ಲ್ಯಾಬ್ ಬೋಧಕಿ

ವರ್ಚುವಲ್ ಯಂತ್ರಗಳ ಲಾಗ್‌ಗಳಾದ್ದರಿಂದ ತೊಂದರೆಯಿಲ್ಲ. ಖಾತೆಗಳ ಹೆಸರುಗಳನ್ನು ಬದಲಿಸಿ ವಾರಾಂತ್ಯದಲ್ಲಿ ಹಾಕುತ್ತೇನೆ. ಈ ಎಳೆಯನ್ನು ಓದಿದವರಿಗೆ ಉತ್ತರ ಈಗಾಗಲೇ ಗೊತ್ತಿರುವುದರಿಂದ ಸರ್ವರ್‌ನ ಸಮಯ ವಲಯವನ್ನೂ ಬೇರೆ ಯಾವುದಕ್ಕಾದರೂ ಬದಲಿಸಿ, ದಾಳಿಯನ್ನು ಹೊಸದಾಗಿ ನಡೆಸಿ ಕೊಡುತ್ತೇನೆ.